ಅದೇ ಎರಡು ಪೆಗ್, ಫ್ಲೈಟ್‌ನಲ್ಲಿ ಯಾಕೆ ಜಾಸ್ತಿ ಏರುತ್ತೆ?

ಲಾಂಗ್ ಫ್ಲೈಟ್‌ನಲ್ಲಿ ಹೋಗಿ ಬಂದವರ ಬಾಯಲ್ಲಿ ನಾನು ತುಂಬಾ ಸಲ ಕೇಳಿರೋ ಮಾತಿದು: "ಮನೇಲಿ ಎರಡು ಪೆಗ್ ಹಾಕಿದ್ರೆ ಏನೂ ಆಗಲ್ಲ, ಮೇಲೆ ಹೋದ್ಮೇಲೆ ಅದೇ ಎರಡಕ್ಕೆ ತಲೆ ತಿರುಗುತ್ತೆ." ಗೋವಾದಲ್ಲಿ ಏಪ್ರಿಲ್ ಬಿಸಿಲಿಗೆ ಬಿಯರ್ ಕುಡಿದವರೂ ಇದನ್ನೇ ಹೇಳ್ತಾರೆ. ಇವತ್ತು ಇದರ ಹಿಂದಿರೋ ಕಾರಣ ನೋಡೋಣ.

ವಿಮಾನ ಮೇಲೆ ಹಾರುವಾಗ ಕ್ಯಾಬಿನ್ ಒಳಗೆ ಗಾಳಿಯ ಒತ್ತಡ ನೆಲದ ಮೇಲಿದ್ದಷ್ಟು ಇರಲ್ಲ. ಸುಮಾರು 8,000 ಅಡಿ ಎತ್ತರದಲ್ಲಿ ಎಷ್ಟಿರುತ್ತೋ, ಅಷ್ಟರವರೆಗೆ ಇಳಿಯಬಹುದು. ಅಂದ್ರೆ ಊಟಿಗಿಂತ ಸ್ವಲ್ಪ ಮೇಲೆ ಕೂತ ಹಾಗೆ. ಒತ್ತಡ ಕಮ್ಮಿ ಆದ್ರೆ ಪ್ರತಿ ಉಸಿರಲ್ಲೂ ರಕ್ತಕ್ಕೆ ಸೇರೋ ಆಕ್ಸಿಜನ್ ಕಮ್ಮಿ. ಹಾಗಾಗಿ ನಿಮ್ಮ ರಕ್ತದಲ್ಲಿರೋ ಆಲ್ಕೋಹಾಲ್ ಮನೇಲಿ ಕುಡಿದಾಗ ಇದ್ದಷ್ಟೇ ಇರುತ್ತೆ, ಆದ್ರೆ ಅದನ್ನ ತಡ್ಕೊಳ್ಳಬೇಕಾದ ಮೆದುಳಿಗೂ ಹೃದಯಕ್ಕೂ ಆಕ್ಸಿಜನ್ ಕಮ್ಮಿ ಸಿಗ್ತಿರುತ್ತೆ. ಸುಸ್ತು, ತಲೆಭಾರ, ಮಂಪರು ಎಲ್ಲ ಸೇರ್ಕೊಂಡು "ಜಾಸ್ತಿ ಏರಿದೆ" ಅನ್ನಿಸುತ್ತೆ.

ಕುಡಿದು ನಿದ್ದೆ ಹೋದಾಗ ಇದು ಇನ್ನೂ ಜಾಸ್ತಿ ಆಗುತ್ತೆ. ಜರ್ಮನಿಯ ಕಲೋನ್‌ನಲ್ಲಿರೋ ಬಾಹ್ಯಾಕಾಶ ಸಂಶೋಧನಾ ಕೇಂದ್ರದವರು 18ರಿಂದ 40 ವರ್ಷದೊಳಗಿನ 48 ಆರೋಗ್ಯವಂತರ ಮೇಲೆ ಇದನ್ನ ಪರೀಕ್ಷೆ ಮಾಡಿದ್ರು. ಫಲಿತಾಂಶ 2024ರಲ್ಲಿ ಬಂತು. ಅರ್ಧ ಜನ ಮಾಮೂಲಿ ಕೋಣೆಯಲ್ಲಿ, ಉಳಿದವರು ಕ್ಯಾಬಿನ್‌ನಷ್ಟೇ ಒತ್ತಡ ಇರೋ ಕೋಣೆಯಲ್ಲಿ ನಾಲ್ಕು ಗಂಟೆ ಮಲಗಿದ್ರು. ಒಂದು ರಾತ್ರಿ ಏನೂ ಕುಡಿಯದೆ, ಇನ್ನೊಂದು ರಾತ್ರಿ ಎರಡು ಕ್ಯಾನ್ ಬಿಯರ್‌ನಲ್ಲಿ ಇರೋವಷ್ಟು ಆಲ್ಕೋಹಾಲನ್ನ ವೋಡ್ಕಾ ರೂಪದಲ್ಲಿ ಕುಡಿದು.

ಕೋವಿಡ್ ಟೈಮಲ್ಲಿ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡ್ತಿದ್ವಲ್ಲ, ಅದೇ ನಂಬರ್ ನೆನಪು ಮಾಡ್ಕೊಳ್ಳಿ. ಮಾಮೂಲಿ ಕೋಣೆಯಲ್ಲಿ ಕುಡಿದು ಮಲಗಿದವರ ಆಕ್ಸಿಜನ್ ಸುಮಾರು 95 ಇತ್ತು. ಕಡಿಮೆ ಒತ್ತಡದಲ್ಲಿ, ಕುಡಿಯದೆ ಮಲಗಿದವರದ್ದು 88. ಅಲ್ಲೇ ಕುಡಿದು ಮಲಗಿದಾಗ 85ಕ್ಕೆ ಇಳೀತು, ಹೃದಯದ ಬಡಿತ ನಿಮಿಷಕ್ಕೆ 88ರ ಹತ್ತಿರ ಏರ್ತು. ನಿದ್ದೆಯಲ್ಲೂ ಹೃದಯ ಓಡ್ತಾನೇ ಇತ್ತು ಅಂತ ಅರ್ಥ. ಗಟ್ಟಿಮುಟ್ಟಾಗಿರೋ ಹುಡುಗರ ಕಥೆಯೇ ಹೀಗಾದ್ರೆ, ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರೋ ಅಪ್ಪ ಅಮ್ಮನ ಗತಿ ಏನು ಅಂತ ಯೋಚಿಸಿ. "ಕುಡಿದು ಮಲಗಿದ್ರೆ ಫ್ರಾಂಕ್‌ಫರ್ಟ್‌ನಲ್ಲೇ ಎಚ್ಚರ" ಅನ್ನೋ ಪ್ಲ್ಯಾನ್ ಅವರಿಗೆ ಬೇಡ. ನಿದ್ದೆ ಮಾತ್ರೆ ಜೊತೆಗಂತೂ ಯಾರಿಗೂ ಬೇಡ.

ಈಗ ಬಿಸಿಲಿಗೆ ಬರೋಣ. ಇಲ್ಲಿ ಆಕ್ಸಿಜನ್ ಸರಿಯಾಗೇ ಇರುತ್ತೆ, ಕಮ್ಮಿ ಆಗೋದು ನೀರು. ಸೆಕೆಗೆ ಬೆವರು ಹೋಗ್ತಿರುತ್ತೆ. ಮೂತ್ರ ಜಾಸ್ತಿ ಹೋಗದ ಹಾಗೆ ನೀರನ್ನ ಹಿಡಿದಿಡೋ ಹಾರ್ಮೋನ್ ಒಂದಿದೆ, ಆಲ್ಕೋಹಾಲ್ ಅದನ್ನ ತಡೆಯುತ್ತೆ. ಇತ್ತ ಸೆಕೆ, ಅತ್ತ ಆಲ್ಕೋಹಾಲ್, ಎರಡೂ ಚರ್ಮದ ರಕ್ತನಾಳಗಳನ್ನ ಅಗಲ ಮಾಡುತ್ವೆ. ನೀರು ಕಮ್ಮಿ, ನಾಳ ಅಗಲ, ಅಲ್ಲಿಗೆ ಬಿಪಿ ಇಳಿಯುತ್ತೆ. ಕೂತಿದ್ದಾಗ ಗೊತ್ತಾಗಲ್ಲ, ಕುರ್ಚಿಯಿಂದ ಎದ್ದ ಕೂಡ್ಲೇ ಕಣ್ಣು ಕತ್ತಲೆ ಬರುತ್ತೆ.

ಲೆಕ್ಕವೂ ಇಲ್ಲಿ ತಪ್ಪುತ್ತೆ. ಬಾಯಾರಿಕೆಗೆ ತಣ್ಣಗಿರೋದನ್ನ ಗಟಗಟ ಕುಡೀತೀವಿ. ನಮ್ಮಲ್ಲಿ ಸಿಗೋ 650 ಎಂಎಲ್ ಸ್ಟ್ರಾಂಗ್ ಬಿಯರ್‌ನಲ್ಲಿ 8 ಪರ್ಸೆಂಟ್ ಆಲ್ಕೋಹಾಲ್ ಇದ್ರೆ, ಒಟ್ಟು 52 ಎಂಎಲ್ ಆಯ್ತು. 330 ಎಂಎಲ್‌ನ 5 ಪರ್ಸೆಂಟ್ ಕ್ಯಾನ್‌ನಲ್ಲಿರೋದು ಹದಿನಾರೂವರೆ. ಅಂದ್ರೆ "ಒಂದೇ ಬಾಟ್ಲಿ" ಅಂದ್ರೂ ಅದು ಮೂರು ಕ್ಯಾನ್‌ಗೆ ಸಮ.

ಕೊನೆಗೆ ಒಂದು ವಿಷಯ, ಇದನ್ನ ಮಾತ್ರ ಮರೀಬೇಡಿ. ಬಿಸಿಲಲ್ಲಿ ಕುಡಿದ ಫ್ರೆಂಡ್ ತೊದಲ್ತಿದ್ದಾನೆ, ತೂರಾಡ್ತಿದ್ದಾನೆ, ಏನೇನೋ ಮಾತಾಡ್ತಿದ್ದಾನೆ ಅಂದ್ರೆ "ಟೈಟ್ ಆಗಿದ್ದಾನೆ, ಮಲಗ್ಲಿ ಬಿಡು" ಅಂತ ಕಾರಲ್ಲಿ ಬಿಟ್ಟು ಹೋಗಬೇಡಿ. ಹೀಟ್ ಸ್ಟ್ರೋಕ್ ಆದವರೂ ಹೀಗೇ ಕಾಣಿಸ್ತಾರೆ. ಕತ್ತು, ಎದೆ ಮುಟ್ಟಿ ನೋಡಿ. ಮೈ ಕಾದ ಕಾವಲಿ ಥರ ಸುಡ್ತಿದ್ರೆ, ಬೆವರು ಇರ್ಲಿ ಬಿಡ್ಲಿ, 108ಕ್ಕೆ ಫೋನ್ ಮಾಡಿ. ಅಂಬುಲೆನ್ಸ್ ಬರೋವರೆಗೆ ನೆರಳಿಗೆ ತನ್ನಿ, ಶರ್ಟ್ ಬಿಚ್ಚಿ, ಮೈ ಮೇಲೆ ನೀರು ಸುರಿದು ಗಾಳಿ ಹಾಕ್ತಾ ಇರಿ. ಪ್ರಜ್ಞೆ ಸರಿ ಇಲ್ಲದಿದ್ರೆ ಬಾಯಿಗೆ ನೀರು ಹಾಕಬೇಡಿ, ಉಸಿರಿನ ದಾರಿಗೆ ಹೋಗುತ್ತೆ. ಬರೀ ಅಮಲು ಆಗಿದ್ರೆ ಅವನು ನಾಳೆ ನಿಮ್ಮನ್ನ ಬೈಬಹುದು, ಬೈಲಿ ಬಿಡಿ.