ಹೆಸರು ಬಿಟ್ಟರೂ ಗುರುತು ಉಳಿಯುತ್ತದೆ

ಕೆಲಸದ ಜಾಗದಲ್ಲಿ ಅನುಭವಿಸಿದ್ದನ್ನು ಪತ್ರಿಕೆಗೋ ನೆನಪುಗಳ ಪುಸ್ತಕಕ್ಕೋ ಬರೆಯಬೇಕು ಎನಿಸುವವರು ಬಹಳ ಮಂದಿ. ಬರೆಯಲು ಕೂತಾಗ ಎಲ್ಲರೂ ಹೇಳಿಕೊಳ್ಳುವ ಸಮಾಧಾನದ ಮಾತು ಒಂದೇ: 'ನಾನೇನು ಸಾಹೇಬರ ಹೆಸರು ಬರೆದಿಲ್ಲವಲ್ಲ!' ಈ ಸಮಾಧಾನಕ್ಕೆ ಎಷ್ಟು ಬಲವಿದೆ ಎಂದು ಇವತ್ತು ನೋಡೋಣ.

ಮದ್ರಾಸ್ ಹೈಕೋರ್ಟಿಗೆ ಹೋದ ಒಂದು ಹಳೆಯ ಮೊಕದ್ದಮೆ 1972ರ ಕಾನೂನು ವರದಿಗಳಲ್ಲಿದೆ. ಸಿಲೋನಿಗೆ ಊದುಬತ್ತಿ ಕಳಿಸುವ ವ್ಯಾಪಾರಿಯೊಬ್ಬ ಅದರ ಮರೆಯಲ್ಲಿ ಅಫೀಮು ಸಾಗಿಸುತ್ತಿದ್ದ, ಪೊಲೀಸರು ಹಿಡಿದರು ಎಂದು ತಮಿಳು ದಿನಪತ್ರಿಕೆಯೊಂದು ಸುದ್ದಿ ಹಾಕಿತು. ಸುದ್ದಿಯಲ್ಲಿ ಹೆಸರಿರಲಿಲ್ಲ. ಆದರೆ ತಿರುನೆಲ್ವೇಲಿಯಲ್ಲಿ ಊದುಬತ್ತಿ ತಯಾರಿಸಿ ಸಿಲೋನಿಗೆ ಕಳಿಸುತ್ತಿದ್ದ ವ್ಯಾಪಾರಿಯೊಬ್ಬರಿದ್ದರು. ಅವರಿಗೂ ಅಫೀಮಿಗೂ ಏನೇನೂ ಸಂಬಂಧವಿರಲಿಲ್ಲ. ಸುದ್ದಿ ಓದಿದ ಪರಿಚಯದವರು ಮಾತ್ರ ಅದು ಇವರೇ ಎಂದುಕೊಂಡರು. ಊದುಬತ್ತಿ, ಸಿಲೋನು ಎಂಬೆರಡು ವಿವರಗಳೇ ಹೆಸರಿನ ಕೆಲಸ ಮಾಡಿಬಿಟ್ಟಿದ್ದವು. ವ್ಯಾಪಾರಿ ದಾವೆ ಹೂಡಿದರು.

ಕೊನೆಗೆ ಪತ್ರಿಕೆಯೇ ಗೆದ್ದಿತು. ಇಂಥ ವ್ಯಾಪಾರಿ ಒಬ್ಬರಿದ್ದಾರೆ ಎಂಬುದೇ ಪತ್ರಿಕೆಯವರಿಗೆ ತಿಳಿದಿರಲಿಲ್ಲ, ತಿಳಿದ ಮೇಲೆ ತಿದ್ದುಪಡಿ ಹಾಕಿದ್ದರು. ಗೊತ್ತಿಲ್ಲದೆ ಆದ ಮಾನಹಾನಿಗೆ ಹೊಣೆ ಹೊರಿಸಲಾಗದು ಎಂದಿತು ನ್ಯಾಯಾಲಯ. ತಮ್ಮ ಸಾಹೇಬರ ಬಗ್ಗೆ ಬರೆಯುವವರಿಗೆ ಈ ರಕ್ಷಣೆ ಸಿಗುವುದಿಲ್ಲ, ಗಮನಿಸಿ. 'ಇಂಥವರೊಬ್ಬರಿದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ' ಎಂದು ಅವರು ಹೇಳುವ ಹಾಗೇ ಇಲ್ಲ. ಐದು ವರ್ಷ ಅವರ ಮುಂದಿನ ಮೇಜಿನಲ್ಲೇ ಕೂತಿದ್ದವರು!

ಹಾಗಾದರೆ ಗುರುತು ಸಿಗುವುದು ಎಂದರೇನು? ರಾಜ್ಯಕ್ಕೆಲ್ಲ ಗೊತ್ತಾಗಬೇಕಿಲ್ಲ. ಆ ವ್ಯಕ್ತಿಯನ್ನು ಬಲ್ಲ ಕೆಲವರು ಓದಿ, 'ಓಹೋ, ಇದು ಅವರೇ' ಎಂದು ನ್ಯಾಯವಾಗಿ ತಿಳಿಯುವಂತಿದ್ದರೆ ಸಾಕು. ಮಾನಹಾನಿಗೆ ಸಿವಿಲ್ ದಾವೆ ಹೂಡಬಹುದು. ಕ್ರಿಮಿನಲ್ ದೂರನ್ನೂ ಕೊಡಬಹುದು. ಹಿಂದೆ ಭಾರತೀಯ ದಂಡ ಸಂಹಿತೆಯ 499 ಮತ್ತು 500ನೆಯ ಕಲಮುಗಳಲ್ಲಿ ಇದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಲ್ಲಿದೆ. ಶಿಕ್ಷೆ ಎರಡು ವರ್ಷದವರೆಗಿನ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ. ಹೊಸ ಕಾನೂನಿನಲ್ಲಿ ಸಮುದಾಯ ಸೇವೆಯೂ ಸೇರಿದೆ.

ಒಂದು ಬರಹವನ್ನೇ ಕೈಗೆತ್ತಿಕೊಂಡು ನೋಡೋಣ. ಇದು ನಾನೇ ಕಟ್ಟಿದ ಮಾದರಿ. ಒಂದು ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತರಾಗಿದ್ದವರೊಬ್ಬರು ವಾರಪತ್ರಿಕೆಗೆ ಹೀಗೆ ಬರೆದಿದ್ದಾರೆ ಎಂದಿಟ್ಟುಕೊಳ್ಳಿ: 'ಆಗ ನಮ್ಮ ಮ್ಯಾನೇಜರು ಹಾಸನದಿಂದ ಬಂದವರು, ನಿವೃತ್ತಿಗೆ ಎರಡೇ ವರ್ಷ, ದಿನಾ ಕಿವಿಯ ಮೇಲೆ ಹೂ ಇಟ್ಟುಕೊಂಡೇ ಬರುವವರು. ನನ್ನ ತಂದೆ ಆಸ್ಪತ್ರೆಯಲ್ಲಿದ್ದಾಗ ನನ್ನ ರಜೆ ಅರ್ಜಿಯನ್ನು ಮೂರು ಸಲ ವಾಪಸ್ ಎಸೆದರು. ಅದೇ ವಾರ ತಮ್ಮ ಕಡೆಯ ಹುಡುಗನಿಗೆ ಹತ್ತು ದಿನ ರಜೆ ಮಂಜೂರು ಮಾಡಿದರು. ಕೈ ಬಿಸಿ ಮಾಡದೆ ಅವರ ಹತ್ತಿರ ಕೆಲಸ ಆಗುತ್ತಿರಲಿಲ್ಲವಂತೆ.'

ಹಾಸನ, ನಿವೃತ್ತಿ, ಹೂವು, ಇವು ಗುರುತು ಕೊಡುತ್ತವೆ ಎಂದು ಯಾರಿಗಾದರೂ ಹೊಳೆಯುತ್ತದೆ. ಅವನ್ನು ಹೊಡೆದುಹಾಕಿದರಾಯಿತು. ಆದರೆ ಎಲ್ಲಕ್ಕಿಂತ ದೊಡ್ಡ ಗುರುತು ಲೇಖನದ ಕೆಳಗೆ ಅಚ್ಚಾಗುವ ಬರೆದವರ ಹೆಸರು. ಆ ಹೆಸರಿನವರು ಯಾವ ಸಂಘದಲ್ಲಿದ್ದರು ಎಂಬುದು ಊರಿಗೆ ಗೊತ್ತು. ಸಂಘಕ್ಕೆ ಮ್ಯಾನೇಜರು ಒಬ್ಬರೇ. 'ನಮ್ಮ ಮ್ಯಾನೇಜರು' ಎಂದ ಕೂಡಲೇ ಹೆಸರು ಹೇಳಿದ ಹಾಗೆಯೇ ಆಯಿತು. ಹತ್ತು ಕಡೆ ಕೆಲಸ ಮಾಡಿದವರಾದರೆ 'ಹಿಂದೊಮ್ಮೆ ನಾನಿದ್ದ ಕಚೇರಿಯಲ್ಲಿ' ಎನ್ನುವ ಮಾತಿಗೆ ಮರೆಯ ಬಲವಿದೆ. ಒಂದೇ ಕಡೆ ಮೂವತ್ತು ವರ್ಷ ಕಳೆದವರಿಗೆ ಅದರಿಂದ ಏನೂ ಉಪಯೋಗವಿಲ್ಲ. ಅಂಥವರು ಕಾವ್ಯನಾಮದಲ್ಲಿ ಬರೆಯಬಹುದು, ಆದರೆ ಆ ಕಾವ್ಯನಾಮ ಊರಿಗೇ ಪರಿಚಯದ್ದಾಗಿರಬಾರದು. ನಮ್ಮಲ್ಲಿ ಬಹಳಷ್ಟು ಕಾವ್ಯನಾಮಗಳ ಪಾಡು ಹಾಗೇ ಇದೆ.

ಇನ್ನು ವೇಷ ಹಾಕಿಸುವ ವಿಚಾರ. ಗುಮಾಸ್ತರು ಮ್ಯಾನೇಜರನ್ನು ಹೆಂಗಸನ್ನಾಗಿ ಮಾಡುತ್ತಾರೆ, ಪದವಿಯನ್ನು ಅಕೌಂಟೆಂಟ್ ಎಂದು ಬದಲಿಸುತ್ತಾರೆ. ಇಲ್ಲೊಂದು ಗುಂಡಿಯಿದೆ. ಅದೇ ಸಂಘದಲ್ಲಿ ನಿಜವಾಗಿಯೂ ಒಬ್ಬ ಮಹಿಳಾ ಅಕೌಂಟೆಂಟ್ ಇದ್ದರೆ, ಮ್ಯಾನೇಜರ ತಪ್ಪನ್ನು ಏನೂ ಅರಿಯದ ಆಕೆಯ ತಲೆಗೆ ಕಟ್ಟಿದಂತಾಯಿತು. ಈಗ ಆರೋಪವೂ ಸುಳ್ಳು. ವೇಷ ಹಾಕಿಸುವ ಮುಂಚೆ ಆ ವೇಷ ಅಲ್ಲಿ ಬೇರೆ ಯಾರಿಗಾದರೂ ಸರಿಹೊಂದುತ್ತದೆಯೇ ಎಂದು ನೋಡಿಕೊಳ್ಳಬೇಕು.

ಇನ್ನೊಂದು ಗುಂಡಿ ಇದಕ್ಕಿಂತ ಆಳ. ಗುರುತು ಮರೆಸಲೆಂದು ಕೆಲವರು ಪಾತ್ರಕ್ಕೆ ಒಂದಿಷ್ಟು ಕುಡಿತ, ಒಂದಿಷ್ಟು ಸಾಲ ಸೇರಿಸುತ್ತಾರೆ. 'ನಮ್ಮ ಸಾಹೇಬರು ಕುಡಿಯುವುದಿಲ್ಲ, ಹಾಗಾಗಿ ಇದು ಅವರಲ್ಲ ಎಂದು ಓದುಗರು ತಿಳಿಯುತ್ತಾರೆ' ಎಂಬುದು ಅವರ ಲೆಕ್ಕ. ಓದುಗರು ಹಾಗೆ ಲೆಕ್ಕ ಹಾಕುವುದಿಲ್ಲ. ರಜೆ ಅರ್ಜಿಯ ಪ್ರಸಂಗದಿಂದ ಆಳನ್ನು ಗುರುತಿಸುತ್ತಾರೆ, ಆಮೇಲೆ 'ಅರೆ, ಕುಡಿತವೂ ಇತ್ತಾ!' ಎನ್ನುತ್ತಾರೆ. ಮರೆಮಾಡಲು ಬದಲಿಸುವ ವಿವರ ಯಾರ ಮಾನಕ್ಕೂ ತಗುಲದಂಥದ್ದಾಗಿರಬೇಕು: ಊರು, ಋತು, ಕಟ್ಟಡ, ಹೂವಿನ ಬದಲು ಕೊಡೆ. ನಡತೆಯ ವಿಷಯದಲ್ಲಿ ಮಾತ್ರ ಒಂದು ಎಳೆಯನ್ನೂ ಸೇರಿಸಬಾರದು.

ಇಷ್ಟೆಲ್ಲ ಮಾಡಿದರೂ ಅಂದು ಆ ಕೋಣೆಯಲ್ಲಿದ್ದವರಿಗೆ ಗುರುತು ಸಿಕ್ಕೇ ಸಿಗುತ್ತದೆ. ಅರ್ಜಿ ಮೂರು ಸಲ ವಾಪಸಾದದ್ದನ್ನು ಕಣ್ಣಾರೆ ಕಂಡ ಕ್ಯಾಷಿಯರಿಗೆ ಯಾವ ವೇಷವೂ ಮರೆಯಾಗದು. ಹೊರಗಿನ ಓದುಗರಿಗೆ ಮಾತ್ರ ಮರೆ ಸಾಧ್ಯ. ಒಳಗಿನವರ ಎದುರು ಬರಹವನ್ನು ಕಾಯುವುದು ಅದರಲ್ಲಿರುವ ನಿಜ. ಆದ್ದರಿಂದ ಗುಮಾಸ್ತರ ಬರಹವನ್ನು ಇನ್ನೊಮ್ಮೆ, ಈಗ ಸಾಕ್ಷಿಯ ಕಣ್ಣಿನಿಂದ ಓದಬೇಕು.

ಮೂರು ಸಲ ಅರ್ಜಿ ವಾಪಸ್ ಬಂದದ್ದು ನಡೆದ ಸಂಗತಿ. ಕೆಂಪು ಶಾಯಿಯ ಷರಾ ಇರುವ ಅರ್ಜಿ ಮನೆಯಲ್ಲಿದ್ದರೆ ಇನ್ನೂ ಗಟ್ಟಿ. 'ಎಸೆದರು' ಎಂಬುದು ನಿಜವಾಗಿ ಎಸೆದಿದ್ದರೆ ಇರಲಿ, ಇಲ್ಲದಿದ್ದರೆ 'ವಾಪಸ್ ಕೊಟ್ಟರು' ಸಾಕು. ಅದೇ ವಾರ ಇನ್ನೊಬ್ಬರಿಗೆ ಹತ್ತು ದಿನ ಮಂಜೂರಾದದ್ದು ರಜೆ ಪುಸ್ತಕದಲ್ಲಿ ಇರುತ್ತದೆ. 'ತಮ್ಮ ಕಡೆಯ ಹುಡುಗ' ಎಂಬಲ್ಲಿ ಬರಹ ಕಂಡದ್ದನ್ನು ಬಿಟ್ಟು ಊಹೆಗೆ ಇಳಿಯಿತು. ನಮ್ಮ ಕಡೆ 'ಕಡೆಯವನು' ಎಂದರೆ ಜಾತಿ ಎಂದೇ ಅರ್ಥ, ಅಂದರೆ ಪಕ್ಷಪಾತದ ಆರೋಪ. ಸುಮ್ಮನೆ 'ಇನ್ನೊಬ್ಬ ನೌಕರನಿಗೆ' ಎಂದರೆ ಪ್ರಸಂಗದ ನೋವು ಕಿಂಚಿತ್ತೂ ಕಮ್ಮಿಯಾಗುವುದಿಲ್ಲ, ನನ್ನ ಪ್ರಕಾರ ಹೆಚ್ಚೇ ಆಗುತ್ತದೆ. ಕೊನೆಯ 'ಕೈ ಬಿಸಿ' ವಾಕ್ಯವನ್ನಂತೂ ಕಿತ್ತೇ ಹಾಕಬೇಕು. ಅದು ಲಂಚದ ಆರೋಪ, ಅದೂ ಯಾರೋ ಹೇಳಿದ್ದು. 'ಅಂತೆ' ಸೇರಿಸಿದರೆ ಹೊಣೆ ಇನ್ನೊಬ್ಬರದಾಗುವುದಿಲ್ಲ. ಗಾಳಿಮಾತನ್ನು ಅಚ್ಚಿಗೆ ಕೊಟ್ಟವರು ಆ ಮಾತಿಗೆ ತಾವೇ ಹೊಣೆ.

ವ್ಯಂಗ್ಯಕ್ಕೂ ರಿಯಾಯಿತಿಯಿಲ್ಲ. 'ನಮ್ಮ ಸಾಹೇಬರು ಸಾಕ್ಷಾತ್ ಹರಿಶ್ಚಂದ್ರ, ಸಂಘದ ದುಡ್ಡು ಮುಟ್ಟಿದವರೇ ಅಲ್ಲ' ಎಂದು ತುಟಿಯಂಚಿನಲ್ಲಿ ನಗುತ್ತ ಬರೆದರೂ ಅದು ಆರೋಪವೇ. 1860ರ ದಂಡ ಸಂಹಿತೆಯಲ್ಲೇ ಇದಕ್ಕೊಂದು ಉದಾಹರಣೆಯಿತ್ತು: ಇವನು ಪ್ರಾಮಾಣಿಕ, ಅವನ ಗಡಿಯಾರ ಕದ್ದವನೇ ಅಲ್ಲ ಎಂದು, ಕದ್ದ ಎಂದೇ ಜನ ನಂಬಲೆಂದು ಹೇಳಿದರೆ ಅದು ಮಾನಹಾನಿ.

ನಿಜವಾದರೆ ಸಾಕೇ? ಸಿವಿಲ್ ದಾವೆಯಲ್ಲಿ ನಿಜವೆಂದು ಸಾಬೀತಾದರೆ ಅಲ್ಲಿಗೆ ಮುಗಿಯಿತು. ಕ್ರಿಮಿನಲ್ ದೂರಿನಲ್ಲಿ ಆ ನಿಜವನ್ನು ಹೇಳಿದ್ದರಿಂದ ಸಾರ್ವಜನಿಕ ಹಿತ ಆಯಿತೆಂದೂ ತೋರಿಸಬೇಕು. ಮ್ಯಾನೇಜರ ಮನೆಯ ಜಗಳ ನಿಜವೇ ಇರಬಹುದು, ಅದನ್ನು ಬರೆದರೆ ಯಾರಿಗೆ ಹಿತ?

ಮೇಲಧಿಕಾರಿಯ ಬಗ್ಗೆ ಹೆಸರಿಲ್ಲದೆ ಬರೆದ ಲೇಖನವೊಂದು ಕೋರ್ಟಿನಲ್ಲಿ ಪರೀಕ್ಷೆಗೊಳಗಾದ ಪ್ರಸಿದ್ಧ ಪ್ರಕರಣ ನಮ್ಮ ದೇಶದಲ್ಲೇ ಇದೆ. 2017ರ ಅಕ್ಟೋಬರಿನಲ್ಲಿ ಪತ್ರಕರ್ತೆ ಪ್ರಿಯಾ ರಮಣಿ 'ವೋಗ್ ಇಂಡಿಯಾ'ಕ್ಕೆ ಬಾಸ್‌ಗೆ ಬರೆದ ಕಾಗದದ ರೂಪದಲ್ಲಿ ಒಂದು ಲೇಖನ ಬರೆದರು. ಹೋಟೆಲಿನಲ್ಲಿ ನಡೆದ ಉದ್ಯೋಗ ಸಂದರ್ಶನವೊಂದರ ಕಹಿ ಅದರ ಆರಂಭದಲ್ಲಿತ್ತು, ಹೆಸರಿರಲಿಲ್ಲ. 2018ರ ಅಕ್ಟೋಬರ್ 8ರಂದು, ಅದು ಎಂ. ಜೆ. ಅಕ್ಬರ್ ಬಗ್ಗೆ ಎಂದು ಅವರೇ ಬಹಿರಂಗವಾಗಿ ಹೇಳಿದರು. ಅಕ್ಬರ್ ಆಗ ಕೇಂದ್ರ ಸಚಿವರು. ಆರೋಪವನ್ನು ಅಲ್ಲಗಳೆದು ಕ್ರಿಮಿನಲ್ ಮಾನಹಾನಿ ದೂರು ಕೊಟ್ಟರು. 2021ರ ಫೆಬ್ರವರಿ 17ರಂದು ದೆಹಲಿಯ ನ್ಯಾಯಾಲಯ ರಮಣಿಯವರನ್ನು ನಿರ್ದೋಷಿ ಎಂದು ಬಿಡುಗಡೆ ಮಾಡಿತು. ಅಕ್ಬರ್ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿದರು.

ಬರೆಯುವವರು ಗಮನಿಸಬೇಕಾದದ್ದು ವಿಚಾರಣೆಯ ಒಂದು ಎಳೆಯನ್ನು. ಲೇಖನದ ಮೊದಲ ಭಾಗ ಮಾತ್ರ ಅಕ್ಬರ್ ಬಗ್ಗೆ, ಮಿಕ್ಕದ್ದು ಬೇರೆ ಪುರುಷ ಬಾಸ್‌ಗಳ ಬಗ್ಗೆ ಎಂಬುದು ರಮಣಿಯವರ ನಿಲುವು. ಇಡೀ ಲೇಖನ ತಮ್ಮ ಕಕ್ಷಿದಾರರ ಮೇಲೆಯೇ ಎಂಬುದು ಎದುರು ವಕೀಲರ ವಾದ. ಹೆಸರಿಲ್ಲದ ನಾಲ್ವರನ್ನು ಒಬ್ಬನೇ 'ಬಾಸ್' ಆಗಿ ಬೆರೆಸಿದರೆ ಗುರುತು ಮರೆಯಾಗುತ್ತದೆ ಎಂದು ಬರೆಯುವವರು ನಂಬಿರುತ್ತಾರೆ. ಆದರೆ ಆ ನಾಲ್ವರಲ್ಲಿ ಒಬ್ಬರ ಗುರುತು ಹತ್ತಿದ ದಿನ, ಮಿಕ್ಕ ಮೂವರ ಪಾಪವೂ ಅವರೊಬ್ಬರ ತಲೆಗೇ ಬರುತ್ತದೆ. ಬೆರೆಸುವುದಿದ್ದರೆ, ಇದು ಬೇರೆ ಬೇರೆ ಕಚೇರಿಗಳಲ್ಲಿ ಕಂಡ ಹಲವರನ್ನು ಸೇರಿಸಿ ಬರೆದದ್ದು ಎಂದು ಲೇಖನದೊಳಗೇ ಬಿಡಿಸಿ ಹೇಳಬೇಕು.

ಸರ್ಕಾರಿ ನೌಕರರಿಗೆ ಇದರ ಮೇಲೆ ನಡತೆ ನಿಯಮಗಳೂ ಇವೆ, ಬರೆಯುವ ಮುಂಚೆ ಅವನ್ನು ತೆರೆದು ನೋಡುವುದು ಒಳ್ಳೆಯದು. ಇನ್ನು ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ಆಂತರಿಕ ಸಮಿತಿಗೆ ದೂರು ಹೋಗಿದ್ದರೆ ಕಟ್ಟು ಇನ್ನೂ ಬಿಗಿ. 2013ರ ಕಾಯ್ದೆಯ 16ನೆಯ ಕಲಮಿನ ಪ್ರಕಾರ ದೂರಿನಲ್ಲಿದ್ದದ್ದು, ವಿಚಾರಣೆಯಲ್ಲಿ ನಡೆದದ್ದು, ದೂರಿತ್ತವರು, ದೂರಿಗೆ ಒಳಗಾದವರು, ಸಾಕ್ಷಿಗಳು ಯಾರು ಎಂಬುದು, ಇವುಗಳಲ್ಲಿ ಯಾವುದನ್ನೂ ಪ್ರಕಟಿಸುವಂತಿಲ್ಲ. ಅಲ್ಲಿ ನಿಜ ಎಂಬ ಉತ್ತರವೂ ನಡೆಯದು. ಒಂದಕ್ಕೆ ಮಾತ್ರ ಬಿಡುಗಡೆಯಿದೆ: ನೊಂದ ಹೆಣ್ಣುಮಗಳಿಗೆ ನ್ಯಾಯ ಸಿಕ್ಕಿತು ಎಂಬ ಸಂಗತಿಯನ್ನು ಬರೆಯಬಹುದು. ಆದರೆ ಆಕೆಯ ಮತ್ತು ಸಾಕ್ಷಿಗಳ ಹೆಸರು, ವಿಳಾಸ, ಅವರ ಗುರುತಿಗೆ ದಾರಿಯಾಗುವ ಯಾವ ವಿವರವೂ ಅದರಲ್ಲಿ ಇರಬಾರದು.