ಕಲಸಿದ ಅಕ್ಷರಗಳಲ್ಲಿ ಎಷ್ಟು ಸರಿಯಾದಾವು?

(ಸಂಘದ ವಾರ್ಷಿಕ ಶೈಕ್ಷಣಿಕ ಸಭೆಯಲ್ಲಿ ಮಾಡಿದ ಭಾಷಣ)



ಭಾಷೆ ಕಲಿಸುವವರು ಗಣಿತದ ವಿಷಯ ಎತ್ತಿಕೊಂಡಿದ್ದಾರಲ್ಲ ಎಂದು ನಿಮಗೆ ಅನಿಸಬಹುದು. ಆದರೆ ಈ ಲೆಕ್ಕ ಹುಟ್ಟುವುದೇ ಭಾಷೆಯ ತರಗತಿಯಲ್ಲಿ. ‘ಮದರಸ’ ಎಂಬ ಪದದ ಮ, ದ, ರ, ಸ ಎಂಬ ನಾಲ್ಕು ಅಕ್ಷರಗಳನ್ನು ನಾಲ್ಕು ಚೀಟಿಗಳಲ್ಲಿ ಬರೆದು, ಕಲಸಿ, ಮಗುವಿನ ಮುಂದಿಟ್ಟು ಸರಿಯಾಗಿ ಜೋಡಿಸಲು ಹೇಳುತ್ತೇವೆ. ಸರಿಯಾದ ಸ್ಥಾನದಲ್ಲಿ ಬಿದ್ದ ಪ್ರತಿ ಅಕ್ಷರಕ್ಕೆ ಒಂದು ಅಂಕ. ಓದಲು ಬಾರದ ಮಗು ಕಣ್ಣುಮುಚ್ಚಿ ಜೋಡಿಸಿದರೆ ಸರಾಸರಿ ಎಷ್ಟು ಅಂಕ ಬರುತ್ತದೆ? ಇದು ತಿಳಿಯದೆ ಆ ಅಂಕಗಳ ಅರ್ಥವೂ ತಿಳಿಯುವುದಿಲ್ಲ.

ಈ ಬಗೆಯ ಪ್ರಶ್ನೆ ಹಳೆಯದು. ಫ್ರಾನ್ಸಿನ ಪಿಯೆರ್ ರೆಮೋಂ ದ ಮೋಂಮೋರ್ ಎಂಬ ಗಣಿತಜ್ಞ 1708ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಹದಿಮೂರು ಎಲೆಗಳ ಒಂದು ಆಟವನ್ನು ಹಿಡಿದು ಇದನ್ನೇ ವಿಚಾರಿಸಿದ್ದನು.

ಮೊದಲು ಎಣಿಸಿಯೇ ನೋಡೋಣ. ನಾಲ್ಕು ಅಕ್ಷರಗಳನ್ನು 24 ರೀತಿಯಲ್ಲಿ ಜೋಡಿಸಬಹುದು. ಅವುಗಳಲ್ಲಿ 9 ಜೋಡಣೆಗಳಲ್ಲಿ ಒಂದೂ ಸರಿಯಿರುವುದಿಲ್ಲ; 8ರಲ್ಲಿ ಒಂದು, 6ರಲ್ಲಿ ಎರಡು, 1ರಲ್ಲಿ ಮಾತ್ರ ನಾಲ್ಕೂ ಸರಿ. ಮೂರು ಮಾತ್ರ ಸರಿಯಾಗುವ ಜೋಡಣೆ ಇಲ್ಲವೇ ಇಲ್ಲ, ಏಕೆಂದರೆ ಮೂರು ಸರಿಯಾದರೆ ನಾಲ್ಕನೆಯದಕ್ಕೆ ಅದರದೇ ಜಾಗ ಉಳಿಯುತ್ತದೆ. ಒಟ್ಟು ಅಂಕಗಳು 8 + 12 + 4 = 24. ಜೋಡಣೆಗಳು 24. ಸರಾಸರಿ 1.

ನಾಲ್ಕು ಅಕ್ಷರಕ್ಕೆ ಎಣಿಸಬಹುದು. ಹತ್ತು ಅಕ್ಷರಕ್ಕೆ ಜೋಡಣೆಗಳು 36,28,800 ಆಗುತ್ತವೆ. ಅಲ್ಲಿ ಎಣಿಕೆ ನಡೆಯದು. ಆಗ ಕೆಲಸಕ್ಕೆ ಬರುವುದೇ ಸೂಚಕ ಚರ. ಕಾಲೇಜಿನಲ್ಲಿ ಇದನ್ನು ಇಂಡಿಕೇಟರ್ ವೇರಿಯಬಲ್ ಎನ್ನುತ್ತಾರೆ.

ಇದರ ಯುಕ್ತಿ ಸರಳ. ಇಡೀ ಪದವನ್ನು ನೋಡುವುದನ್ನು ಬಿಟ್ಟು ಒಂದೊಂದು ಸ್ಥಾನವನ್ನು ಪ್ರತ್ಯೇಕವಾಗಿ ನೋಡಬೇಕು. ಮೊದಲನೆಯ ಸ್ಥಾನಕ್ಕೆ I₁ ಎಂಬ ಒಂದು ಚರವನ್ನು ಇಟ್ಟುಕೊಳ್ಳಿ. ಅಲ್ಲಿ ಸರಿಯಾದ ಅಕ್ಷರ ಬಿದ್ದರೆ ಅದರ ಬೆಲೆ 1, ಬೀಳದಿದ್ದರೆ 0. ಹೀಗೆಯೇ I₂, I₃, I₄. ಒಟ್ಟು ಸರಿಯಾದವು X ಆದರೆ,

X = I₁ + I₂ + I₃ + I₄

ಹಾಜರಿ ಪುಸ್ತಕದಲ್ಲಿ ಬಂದವರಿಗೆ ಒಂದೊಂದು ಗುರುತು ಹಾಕಿ ಕೊನೆಗೆ ಕೂಡುವಂತೆ ಇದು. ಈಗ I₁ನ ಸರಾಸರಿ ಎಷ್ಟು? 0 ಅಥವಾ 1 ಮಾತ್ರ ಆಗುವ ಚರದ ಸರಾಸರಿಯು ಅದು 1 ಆಗುವ ಸಂಭವನೀಯತೆಯೇ ಆಗಿರುತ್ತದೆ. ಮೊದಲ ಸ್ಥಾನಕ್ಕೆ ನಾಲ್ಕು ಚೀಟಿಗಳಲ್ಲಿ ಯಾವುದಾದರೂ ಸಮನಾಗಿ ಬರಬಹುದಾದ್ದರಿಂದ ‘ಮ’ ಬರುವ ಸಂಭವನೀಯತೆ 1/4. ಉಳಿದ ಸ್ಥಾನಗಳಿಗೂ ಅಷ್ಟೇ. ಆದ್ದರಿಂದ ಸರಾಸರಿ 4 × 1/4 = 1. ಅಕ್ಷರಗಳು ಹತ್ತಾದರೆ 10 × 1/10, ಅದೂ ಒಂದೇ. ‘ಮದರಸ’ವನ್ನು ಉರ್ದುವಿನಲ್ಲಿ ಬರೆದರೆ ಮೀಮ್, ದಾಲ್, ರೇ, ಸೀನ್, ಹೇ ಎಂದು ಐದು ಅಕ್ಷರಗಳಾಗುತ್ತವೆ. ಲಿಪಿ ಬದಲಾಗಿ ಚೀಟಿ ಹೆಚ್ಚಾದರೂ ಉತ್ತರ ಒಂದೇ ಉಳಿಯುತ್ತದೆ.

ಇಲ್ಲಿ ಜಾಣ ವಿದ್ಯಾರ್ಥಿಗಳು ಒಂದು ಆಕ್ಷೇಪ ಎತ್ತುತ್ತಾರೆ. ಎತ್ತಲೂ ಬೇಕು. ಒಂದು ಸ್ಥಾನ ಸರಿಯಾದರೆ ಉಳಿದವುಗಳ ಸಂಭವನೀಯತೆ ಬದಲಾಗುತ್ತದಲ್ಲ, ಈ ಚರಗಳು ಒಂದನ್ನೊಂದು ಅವಲಂಬಿಸಿವೆಯಲ್ಲ, ಸುಮ್ಮನೆ ಕೂಡಬಹುದೇ? ಅವಲಂಬಿಸಿರುವುದು ನಿಜ. ಆದರೂ ಕೂಡಬಹುದು. 24 ಜೋಡಣೆಗಳನ್ನು 24 ಸಾಲುಗಳಾಗಿ, ನಾಲ್ಕು ಸ್ಥಾನಗಳನ್ನು ನಾಲ್ಕು ಕಂಬಗಳಾಗಿ ಬರೆದು ಸರಿಯಿದ್ದಲ್ಲಿ 1 ಹಾಕಿ. ಸಾಲುಗಳನ್ನು ಕೂಡಿದರೂ ಕಂಬಗಳನ್ನು ಕೂಡಿದರೂ ಒಟ್ಟು ಮೊತ್ತ ಅದೇ. ಪ್ರತಿ ಕಂಬದಲ್ಲಿ 6 ಒಂದುಗಳಿವೆ. ನಾಲ್ಕು ಕಂಬಕ್ಕೆ 24. ಕಂಬಗಳ ನಡುವಿನ ಅವಲಂಬನೆ ಈ ಮೊತ್ತವನ್ನು ಮುಟ್ಟುವುದಿಲ್ಲ.

ಆದರೆ ಗುಣಿಸುವಾಗ ಅವಲಂಬನೆ ಅಡ್ಡ ಬರುತ್ತದೆ. ಒಂದೂ ಸರಿಯಾಗದ ಸಂಭವನೀಯತೆ ಕೇಳಿದರೆ ಕೆಲವರು 3/4ನ್ನು ನಾಲ್ಕು ಸಲ ಗುಣಿಸಿ 81/256, ಅಂದರೆ ಸುಮಾರು 0.316 ಎಂದು ಬರೆಯುತ್ತಾರೆ. ನಿಜವಾದದ್ದು 9/24, ಅಂದರೆ 0.375. ಕೂಡುವುದಕ್ಕೆ ಇರುವ ಪರವಾನಗಿ ಗುಣಿಸುವುದಕ್ಕೆ ಇಲ್ಲ ಎಂಬುದನ್ನು ನೆನಪಿಡಬೇಕು.

ಈಗ ಒಂದೇ ಅಕ್ಷರ ಎರಡು ಸಲ ಬಂದರೆ? ‘ನಯನ’ ತೆಗೆದುಕೊಳ್ಳಿ. ಉರ್ದುವಿನ ‘ಬಾಬ್’ ಕೂಡ ಹೀಗೆಯೇ: ಬೇ, ಅಲಿಫ್, ಬೇ. ಮೊದಲ ಸ್ಥಾನಕ್ಕೆ ಎರಡು ‘ನ’ಗಳಲ್ಲಿ ಯಾವುದು ಬಂದರೂ ಸರಿಯೇ, ಸಂಭವನೀಯತೆ 2/3. ಮೂರನೆಯದಕ್ಕೂ 2/3. ನಡುವಿನ ‘ಯ’ಕ್ಕೆ 1/3. ಕೂಡಿದರೆ 5/3. ಎಣಿಸಿ ನೋಡಬಹುದು: ನಯನ, ಯನನ, ನನಯ ಎಂಬ ಮೂರೇ ರೂಪಗಳು, ಮೂರಕ್ಕೂ ಸಮಾನ ಅವಕಾಶ, ಅಂಕಗಳು 3, 1, 1. ಸರಾಸರಿ 5/3. ಹೀಗಾಗಿ ಪ್ರತಿ ಅಕ್ಷರ ಎಷ್ಟು ಸಲ ಬಂದಿದೆಯೋ ಆ ಸಂಖ್ಯೆಯ ವರ್ಗಗಳನ್ನು ಕೂಡಿ ಒಟ್ಟು ಅಕ್ಷರಗಳಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. ‘ಜನಜೀವನ’ದಲ್ಲಿ ‘ನ’ ಎರಡು ಸಲ, ಉಳಿದ ಮೂರು ಒಂದೊಂದು ಸಲ; (4 + 1 + 1 + 1)/5 = 7/5.

ತರಗತಿಗೆ ಮರಳೋಣ. 30 ಮಕ್ಕಳಿಗೆ ‘ಮದರಸ’ದ ಚೀಟಿ ಕೊಟ್ಟಿರಿ ಎನ್ನಿ. ಎಲ್ಲರೂ ಊಹಿಸಿಯೇ ಜೋಡಿಸಿದರೂ ತರಗತಿಗೆ ಸುಮಾರು 30 ಅಂಕ ಬರುತ್ತದೆ. ಐದಾರು ಹೆಚ್ಚು ಕಡಿಮೆ ಆಗುವುದು ಸಹಜ. ಆದ್ದರಿಂದ 32 ಬಂತೆಂದು ಮಕ್ಕಳು ಓದು ಕಲಿಯತೊಡಗಿದ್ದಾರೆ ಎನ್ನುವಂತಿಲ್ಲ. 60 ಬಂದರೆ ಹೇಳಬಹುದು. ‘ನಯನ’ ಕೊಟ್ಟರೆ ಊಹೆಯಿಂದಲೇ ಸುಮಾರು 50 ಬರುತ್ತದೆ. ಹಿಂದಿನ ವಾರ ‘ಮದರಸ’, ಈ ವಾರ ‘ನಯನ’ ಕೊಟ್ಟು ಅಂಕ ಏರಿತೆಂದು ಸಂತೋಷಪಟ್ಟರೆ ಆ ಏರಿಕೆ ಪದದ್ದು, ಮಕ್ಕಳದ್ದಲ್ಲ. ‘ಹೊಂದಿಸಿ ಬರೆಯಿರಿ’ ಎಂಬ ಪ್ರಶ್ನೆಗೂ ಇದೇ ಮಾತು. ಐದಕ್ಕೆ ಐದು ಉತ್ತರ ಕೊಟ್ಟರೆ ಊಹೆಗೇ ಸರಾಸರಿ ಒಂದು ಅಂಕ.

ಸರಾಸರಿಯಿಂದ ಒಂದೇ ಮಗುವನ್ನು ಅಳೆಯಬಾರದು. ನಾಲ್ಕೂ ಸರಿಯಾಗುವ ಅವಕಾಶ 1/24; 30 ಮಕ್ಕಳಿಗೆ ಇದೇ ರೀತಿ ಸೂಚಕ ಚರ ಇಟ್ಟು ಕೂಡಿದರೆ 30/24, ಅಂದರೆ ಒಂದಕ್ಕಿಂತ ಹೆಚ್ಚು. ಏನೂ ತಿಳಿಯದ ತರಗತಿಯಲ್ಲೂ ಒಬ್ಬರು ಪೂರ್ಣ ಅಂಕ ಪಡೆದರೆ ಅಚ್ಚರಿಯಿಲ್ಲ. ಹಾಗೆಯೇ ಸೊನ್ನೆ ಪಡೆದ ಮಗುವನ್ನು ದಡ್ಡ ಎನ್ನುವ ಮುಂಚೆ, ಊಹಿಸುವ 24 ಮಕ್ಕಳಲ್ಲಿ ಸರಾಸರಿ 9 ಮಂದಿಗೆ ಸೊನ್ನೆಯೇ ಬರುತ್ತದೆಂದೂ, ಹಿಂದಿನ ಸಲ ಅದೇ ಮಗು ಅದೃಷ್ಟದಿಂದಲೇ ಎರಡು ಪಡೆದಿರಬಹುದೆಂದೂ ಯೋಚಿಸಬೇಕು. ಬೇರೆ ಬೇರೆ ಪದ ಕೊಟ್ಟು ನಾಲ್ಕಾರು ಸಲ ನೋಡಿದ ಮೇಲೆ ತೀರ್ಮಾನಿಸುವುದು ನ್ಯಾಯ.

ಕೊನೆಯದಾಗಿ ಒಂದು ಎಚ್ಚರಿಕೆ. ಈ ಲೆಕ್ಕವೆಲ್ಲ ಪ್ರತಿ ಚೀಟಿಗೂ ಸಮಾನ ಅವಕಾಶವಿದೆ ಎಂಬುದರ ಮೇಲೆ ನಿಂತಿದೆ. ಉರ್ದು ಅಕ್ಷರಗಳನ್ನು ಕೂಡು ರೂಪದಲ್ಲಿ ಬರೆದರೆ ಮೊದಲಿಗೆ ಬರುವ ಮೀಮ್ ಯಾವುದೆಂದು ಆಕಾರವೇ ಹೇಳಿಬಿಡುತ್ತದೆ. ಚೀಟಿಗಳಲ್ಲಿ ಬಿಡಿ ರೂಪವನ್ನೇ ಬರೆಯಿರಿ, ಚೆನ್ನಾಗಿ ಕಲಸಿರಿ. ಅನುಮಾನವಿದ್ದರೆ ಚೀಟಿಗಳನ್ನು ಮಗುಚಿ ಹಾಕಿ ನೀವೇ ನೂರು ಸಲ ಜೋಡಿಸಿ ನೋಡಿ. ಒಟ್ಟು ಸರಿಯಾದವು ನೂರರ ಆಸುಪಾಸಿನಲ್ಲಿ ಇರಬೇಕು.