ವಾರಕ್ಕೊಂದು ನೀಲಿ ಮಾತ್ರೆ



ನಾನು ಡಾಕ್ಟರಲ್ಲ, ಕಂಪ್ಯೂಟರ್ ಕೆಲಸದವನು. ಈ ಮಾತು ನಮ್ಮ ಮನೆಯಲ್ಲೇ ಕಲಿತದ್ದು. ಒಂಬತ್ತನೇ ತರಗತಿಯಲ್ಲಿದ್ದ ಅಕ್ಕನ ಮಗಳು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.4, ಇರಬೇಕಾದ್ದು ಕನಿಷ್ಠ 12. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಕಿಟಕಿಯಾಚೆ ಎಸೆಯುತ್ತಿದ್ದಳಂತೆ! ಖಾಲಿ ಹೊಟ್ಟೆಯಲ್ಲಿ ನುಂಗಿ ವಾಕರಿಕೆ ಬಂದಿತ್ತು, ಮಲ ಕಪ್ಪಾದದ್ದು ನೋಡಿ ಹೆದರಿದ್ದಳು. ಬಿಸಿಯೂಟವಾದ ಮೇಲೆ ನುಂಗಿದರೆ ವಾಕರಿಕೆ ಕಡಿಮೆ. ಕಪ್ಪಾಗುವುದು ಮಾತ್ರೆಯ ಗುಣ, ಹೆದರಬೇಕಿಲ್ಲ.

ಆ ವಯಸ್ಸಿನಲ್ಲಿ ಮೈ ಬೆಳೆಯುವುದಕ್ಕೂ ರಕ್ತ ಬೇಕು, ತಿಂಗಳು ತಿಂಗಳು ಮುಟ್ಟಿನಲ್ಲೂ ಹೋಗುತ್ತದೆ. ಅವಳು ಸೊಪ್ಪು, ಕಾಳು ತಿನ್ನುತ್ತಿದ್ದಳು. ಆದರೆ ಅವುಗಳ ಕಬ್ಬಿಣಾಂಶ ಮೈಗೆ ಹತ್ತುವುದೇ ಕಡಿಮೆ. ಊಟದ ಬೆನ್ನಿಗೇ ಕುಡಿಯುವ ಟೀ ಅದನ್ನೂ ತಡೆಯುತ್ತದೆ. ಅಕ್ಕ ಟೀಯನ್ನು ಊಟಕ್ಕಿಂತ ಒಂದು ಗಂಟೆ ದೂರವಿಟ್ಟಳು, ಹುರುಳಿ ಸಾರಿಗೆ ನಿಂಬೆಹಣ್ಣು ಹಿಂಡಿದಳು. ಮಾಂಸ ತಿನ್ನುವವರಿಗೆ ಅದರ ಕಬ್ಬಿಣಾಂಶ ಇನ್ನೂ ಚೆನ್ನಾಗಿ ಹತ್ತುತ್ತದೆ.

ಆದರೆ 9.4 ಇದ್ದಾಗ ಊಟವೊಂದೇ ಸಾಲದು, ವಾರದ ಮಾತ್ರೆಯೂ ಸಾಲದು. ಡಾಕ್ಟರು ದಿನವೂ ನುಂಗಲು ಮಾತ್ರೆ ಬರೆದರು, ಜಂತುಹುಳದ್ದೂ ಕೊಟ್ಟರು. ಮೂರು ತಿಂಗಳಿಗೆ 12.1 ಆಯಿತು. ಅಕ್ಕ ನಿಲ್ಲಿಸೋಣವೆಂದಳು. ಡಾಕ್ಟರು ಬಿಡಲಿಲ್ಲ, ಮೈಯಲ್ಲಿ ದಾಸ್ತಾನು ತುಂಬಲು ಇನ್ನೂ ಕೆಲವು ತಿಂಗಳು ಬೇಕೆಂದರು.